ಫೋಟೋದಲ್ಲಿರುವ ಅಪರಿಚಿತರ ಹೆಸರನ್ನು ಎಐ ಯಾಕೆ ಹೇಳುವುದಿಲ್ಲ? ಪದೇ ಪದೇ ಕೇಳುವ ಪ್ರಶ್ನೆಗಳು

ಫೋಟೋ ನೋಡಿ ಮಾತಾಡಬಲ್ಲ ಎಐ ಅಸಿಸ್ಟೆಂಟ್‌ಗಳು ಈಗ ಎಲ್ಲರ ಫೋನಿನಲ್ಲೂ ಇವೆ. ಗಿಡದ ಫೋಟೋ ಹಾಕಿದರೆ ಗಿಡದ ಹೆಸರು ಹೇಳುತ್ತವೆ. ಔಷಧಿ ಚೀಟಿ ಹಾಕಿದರೆ ಓದಿ ಹೇಳುತ್ತವೆ. ಆದರೆ ಒಬ್ಬ ಮನುಷ್ಯನ ಫೋಟೋ ಹಾಕಿ "ಇವರು ಯಾರು?" ಅಂತ ಕೇಳಿದರೆ ಮಾತ್ರ ಸಾಮಾನ್ಯವಾಗಿ ಹೆಸರು ಹೇಳಲು ಒಪ್ಪುವುದಿಲ್ಲ. ಇದರ ಬಗ್ಗೆ ಜನ ಹೆಚ್ಚಾಗಿ ಕೇಳುವ ಪ್ರಶ್ನೆಗಳಿಗೆ ಇಲ್ಲಿ ಉತ್ತರಿಸಿದ್ದೇನೆ.

ಅದಕ್ಕೆ ಗೊತ್ತಿಲ್ಲವಾ, ಅಥವಾ ಗೊತ್ತಿದ್ದೂ ಹೇಳುತ್ತಿಲ್ಲವಾ?

ಎರಡೂ ಇದೆ. ಯಾರ ಫೋಟೋ ಅನ್ನುವುದರ ಮೇಲೆ ಹೋಗುತ್ತದೆ.

ಈ ಅಸಿಸ್ಟೆಂಟ್‌ಗಳು ಕಲಿತಿರುವುದು ಇಂಟರ್ನೆಟ್ಟಿನ ಕೋಟ್ಯಂತರ ಚಿತ್ರಗಳಿಂದ, ಅವುಗಳ ಜೊತೆಗಿದ್ದ ಬರಹದಿಂದ. ಒಬ್ಬ ಪ್ರಸಿದ್ಧ ಕ್ರಿಕೆಟಿಗನ ಮುಖ ಅವನ ಹೆಸರಿನ ಜೊತೆಗೇ ಸಾವಿರಾರು ಸಲ ಬಂದಿರುತ್ತದೆ. ಹಾಗಾಗಿ ಆ ಮುಖಕ್ಕೂ ಹೆಸರಿಗೂ ಮಾದರಿಯೊಳಗೆ, ಅಂದರೆ ಅಸಿಸ್ಟೆಂಟ್‌ನ ಹಿಂದೆ ಕೆಲಸ ಮಾಡುವ ಎಐ ಪ್ರೋಗ್ರಾಮಿನೊಳಗೆ, ನಂಟು ಬೆಳೆದಿರುವ ಸಾಧ್ಯತೆ ಇದೆ. ಅಂಥ ಕಡೆ ಹೇಳದೇ ಇರುವುದು ತಯಾರಕರು ಬೇಕೆಂದೇ ಕಲಿಸಿರುವ ನಡತೆ. ಚಾಟ್‌ಜಿಪಿಟಿ ತಯಾರಿಸುವ ಓಪನ್‌ಎಐ ಕಂಪನಿ 2023ರ ಸೆಪ್ಟೆಂಬರ್‌ನಲ್ಲಿ ತನ್ನ ಜಿಪಿಟಿ-4 ಮಾದರಿಯ ಚಿತ್ರ ನೋಡುವ ಆವೃತ್ತಿಯನ್ನು ಬಿಟ್ಟಾಗ, ಜನರನ್ನು ಗುರುತಿಸಲು ಕೇಳಿದರೆ ನಿರಾಕರಿಸುವಂತೆ ತರಬೇತಿ ಕೊಟ್ಟಿರುವುದಾಗಿ ತಾನೇ ಬರೆದುಕೊಂಡಿತ್ತು.

ನಿಮ್ಮ ಪಕ್ಕದ ಬೀದಿಯವರ ವಿಷಯ ಬೇರೆ. ಅವರ ಮುಖ ಮಾದರಿಗೆ ನಿಜವಾಗಿಯೂ ಗೊತ್ತಿರುವುದಿಲ್ಲ. ಅದರೊಳಗೆ ಮುಖಗಳ ಪಟ್ಟಿಯಾಗಲಿ, ಮತದಾರರ ಪಟ್ಟಿಯಾಗಲಿ ಇಲ್ಲ. ಬಲವಂತವಾಗಿ ಒಂದು ಹೆಸರು ಹೇಳಿಸಿದರೆ, ನೋಡಲು ಸ್ವಲ್ಪ ಹೋಲುವ ಯಾವನೋ ಪ್ರಸಿದ್ಧನ ಹೆಸರನ್ನೋ, ಸುಮ್ನೆ ಆ ಪ್ರದೇಶದಲ್ಲಿ ಸಾಮಾನ್ಯವಾದ ಒಂದು ಹೆಸರನ್ನೋ ಹೇಳಿಬಿಡುತ್ತದೆ. ಅದೂ ಪೂರ್ತಿ ಧೈರ್ಯದಿಂದ. ಗೊತ್ತಿದ್ದು ಹೇಳಿದ್ದು ಯಾವುದು, ಊಹಿಸಿ ಹೇಳಿದ್ದು ಯಾವುದು ಅಂತ ಓದುವವರಿಗೆ ತಿಳಿಯುವುದೇ ಇಲ್ಲ.

ಒಂದು ಹೆಸರು ತಾನೇ? ಅದರಿಂದ ಅಂಥದ್ದೇನಾಗುತ್ತದೆ?

ಬಸ್ಸಿನಲ್ಲಿ ಎದುರು ಕೂತ ಹುಡುಗಿಯ ಫೋಟೋವನ್ನು ಒಬ್ಬ ಕದ್ದು ತೆಗೆದ ಅಂದುಕೊಳ್ಳಿ. ಫೋಟೋದಲ್ಲಿ ಇರುವುದು ಅವಳ ಚೂಡಿದಾರದ ಬಣ್ಣ, ಕೈಯಲ್ಲಿನ ಪುಸ್ತಕ, ಕಿಟಕಿ. ಅವನಿಗೆ ಅವಳ ಬಗ್ಗೆ ಬೇರೇನೂ ಗೊತ್ತಿಲ್ಲ. ಅವಳು ಸ್ಟಾಪಿನಲ್ಲಿ ಇಳಿದು ಹೋದರೆ ಅಲ್ಲಿಗೆ ಮುಗಿಯಿತು.

ಅದೇ ಫೋಟೋದಿಂದ ಹೆಸರು ಸಿಕ್ಕರೆ ಇನ್‌ಸ್ಟಾಗ್ರಾಂ ಸಿಗುತ್ತದೆ. ಅದರಿಂದ ಕಾಲೇಜು. ಕಾಲೇಜಿನಿಂದ ಊರು, ಅಣ್ಣನ ಹೆಸರು, ದಿನಾ ಹೋಗಿ ಬರುವ ದಾರಿ. ಇದಕ್ಕೆ ಹತ್ತು ನಿಮಿಷ ಸಾಕು. ಅವಳಿಗೆ ಇದು ಗೊತ್ತೇ ಆಗುವುದಿಲ್ಲ. ಬೇಡ ಅನ್ನಲು ಅವಕಾಶವೂ ಇಲ್ಲ. ಪಾಸ್‌ವರ್ಡ್ ಕದ್ದು ಹೋದರೆ ಬದಲಾಯಿಸಬಹುದು. ಮುಖವನ್ನು ಬದಲಾಯಿಸಲು ಆಗುವುದಿಲ್ಲ, ಮನೆಯಲ್ಲಿ ಬಿಟ್ಟು ಬರಲೂ ಆಗುವುದಿಲ್ಲ.

ಕೇಳುವವರಲ್ಲಿ ಹೆಚ್ಚಿನವರು ಒಳ್ಳೆಯವರೇ, ಅದರಲ್ಲಿ ಅನುಮಾನವಿಲ್ಲ. ಆದರೆ ಹಳೇ ಗೆಳೆಯನನ್ನು ಹುಡುಕುವವನೂ, ಗಂಡನ ಹೊಡೆತ ತಾಳಲಾರದೆ ಮನೆ ಬಿಟ್ಟ ಹೆಂಡತಿಯನ್ನು ಹುಡುಕುವ ಗಂಡನೂ ಟೈಪ್ ಮಾಡುವುದು ಒಂದೇ ವಾಕ್ಯ. ಕೇಳುವವರು ಯಾರು, ಯಾಕೆ ಕೇಳುತ್ತಿದ್ದಾರೆ ಅನ್ನುವುದು ಅಸಿಸ್ಟೆಂಟ್‌ಗೆ ಕಾಣುವುದಿಲ್ಲ. ಹಾಗಾಗಿ ಇಬ್ಬರಿಗೂ ಒಂದೇ ಉತ್ತರ ಕೊಡಬೇಕಾಗುತ್ತದೆ.

ಮುಖದಿಂದ ಹೆಸರು ಹುಡುಕುವ ತಂತ್ರಜ್ಞಾನ ನಿಜವಾಗಿಯೂ ಇದೆಯಾ?

ಇದೆ, ಬಹಳ ದಿನಗಳಿಂದ ಇದೆ. ಮುಖ ಗುರುತಿಸುವ ಸಾಫ್ಟ್‌ವೇರ್ ಮೊದಲು ಫೋಟೋದಲ್ಲಿ ಮುಖ ಎಲ್ಲಿದೆ ಅಂತ ಹುಡುಕುತ್ತದೆ. ಕಣ್ಣು, ಮೂಗು ನೇರ ಬರುವಂತೆ ತಿರುಗಿಸಿಕೊಳ್ಳುತ್ತದೆ. ಆಮೇಲೆ ಆ ಮುಖವನ್ನು ಅಂಕಿಗಳ ಒಂದು ಸಾಲಾಗಿ ಮಾಡುತ್ತದೆ. ಗೂಗಲ್ ಸಂಶೋಧಕರು 2015ರಲ್ಲಿ ಪ್ರಕಟಿಸಿದ ಫೇಸ್‌ನೆಟ್ ಅನ್ನುವ ವಿಧಾನದಲ್ಲಿ ಒಂದು ಮುಖಕ್ಕೆ 128 ಅಂಕಿ. ಒಬ್ಬರದೇ ಎರಡು ಫೋಟೋಗಳ ಅಂಕಿಗಳು ಹತ್ತಿರ ಹತ್ತಿರ ಇರುತ್ತವೆ, ಬೇರೆಯವರದು ದೂರ ಇರುತ್ತವೆ. ಹತ್ತಿರ ಅಂದರೆ ಎಷ್ಟು ಹತ್ತಿರ ಅನ್ನುವ ಗೆರೆಯನ್ನು ಮನುಷ್ಯರೇ ಎಳೆಯಬೇಕು.

ಇಷ್ಟಿದ್ದರೆ ಇನ್ನು ಬೇಕಾಗಿರುವುದು ಹೆಸರುಗಳ ಜೊತೆಗಿನ ದೊಡ್ಡ ಫೋಟೋ ರಾಶಿ. ಅಮೆರಿಕದ ಕ್ಲಿಯರ್‌ವ್ಯೂ ಎಐ ಅನ್ನುವ ಕಂಪನಿ ಫೇಸ್‌ಬುಕ್, ಯೂಟ್ಯೂಬ್ ಮುಂತಾದ ಕಡೆಗಳಿಂದ ಯಾರನ್ನೂ ಕೇಳದೆ ಅಂಥ ರಾಶಿ ಕೂಡಿಹಾಕಿತ್ತು. 2020ರ ಜನವರಿಯಲ್ಲಿ ನ್ಯೂಯಾರ್ಕ್ ಟೈಮ್ಸ್ ಇದನ್ನು ಬಯಲು ಮಾಡಿದಾಗ ಅದರ ಬಳಿ 300 ಕೋಟಿಗೂ ಜಾಸ್ತಿ ಫೋಟೋ ಇತ್ತು. ಆಮೇಲೆ ಇಟಲಿ, ಫ್ರಾನ್ಸ್, ಗ್ರೀಸ್ ಮೂರೂ 2022ರಲ್ಲಿ ತಲಾ 2 ಕೋಟಿ ಯೂರೋ ದಂಡ ಹಾಕಿದವು. 2024ರಲ್ಲಿ ಹಾರ್ವರ್ಡ್‌ನ ಇಬ್ಬರು ವಿದ್ಯಾರ್ಥಿಗಳು ಕ್ಯಾಮೆರಾ ಇರುವ ಕನ್ನಡಕ, ಮುಖ ಹುಡುಕುವ ಒಂದು ವೆಬ್‌ಸೈಟ್, ಒಂದು ಭಾಷಾ ಮಾದರಿ ಮೂರನ್ನೂ ಜೋಡಿಸಿ ತೋರಿಸಿದರು. ದಾರಿಯಲ್ಲಿ ಎದುರು ಬಂದವರ ಹೆಸರು, ಇತರ ವಿವರ ಫೋನಿಗೆ ಬರುತ್ತಿತ್ತು. ಅವರು ಅದನ್ನು ಜನರ ಬಳಕೆಗೆ ಬಿಡಲಿಲ್ಲ. ಎಷ್ಟು ಸುಲಭ ಅಂತ ಎಚ್ಚರಿಸುವುದಷ್ಟೇ ಅವರ ಉದ್ದೇಶವಾಗಿತ್ತು.

ಕೋಟ್ಯಂತರ ಜನ ಬಳಸುವ ಅಸಿಸ್ಟೆಂಟ್ ಈ ಕೆಲಸವನ್ನು ಬಿಟ್ಟಿಯಾಗಿ ಮಾಡಿಕೊಟ್ಟರೆ, ಅದು ಪ್ರತಿ ಜೇಬಿನಲ್ಲೂ ಒಂದೊಂದು ಕ್ಲಿಯರ್‌ವ್ಯೂ ಇಟ್ಟ ಹಾಗೆ.

ಹೆಸರು ತಪ್ಪಾದರೆ?

ನನ್ನ ಪ್ರಕಾರ ಇದು ಖಾಸಗಿತನದಷ್ಟೇ ದೊಡ್ಡ ಕಾರಣ. ಆದರೂ ಜನ ಇದನ್ನು ಕೇಳುವುದು ಕಡಿಮೆ.

ಅಮೆರಿಕದ ಡೆಟ್ರಾಯಿಟ್ ನಗರದ ಹತ್ತಿರ ವಾಸವಾಗಿದ್ದ ರಾಬರ್ಟ್ ವಿಲಿಯಮ್ಸ್ ಅವರ ಪ್ರಕರಣ ನೋಡಿ. 2018ರ ಅಕ್ಟೋಬರ್‌ನಲ್ಲಿ ಡೆಟ್ರಾಯಿಟ್‌ನ ಒಂದು ಅಂಗಡಿಯಿಂದ ವಾಚುಗಳು ಕಳುವಾದವು. ಸಿಸಿಟಿವಿಯಲ್ಲಿ ಕಳ್ಳನ ಮಸುಕಾದ ಚಿತ್ರ ಸಿಕ್ಕಿತು. ಪೊಲೀಸರು ಅದನ್ನು ಮುಖ ಗುರುತಿಸುವ ವ್ಯವಸ್ಥೆಗೆ ಹಾಕಿದರು. ಅದು ವಿಲಿಯಮ್ಸ್ ಅವರ ಹಳೆಯ ಡ್ರೈವಿಂಗ್ ಲೈಸೆನ್ಸ್ ಫೋಟೋವನ್ನು ತೋರಿಸಿತು. ಆ ವರದಿಯಲ್ಲೇ, ಇದು ತನಿಖೆಗೆ ಒಂದು ಸುಳಿವು ಮಾತ್ರ, ಇದರ ಮೇಲೆ ಬಂಧಿಸುವ ಹಾಗಿಲ್ಲ ಅಂತ ದಪ್ಪ ಅಕ್ಷರದಲ್ಲಿ ಬರೆದಿತ್ತು. ಪೊಲೀಸರು ಆರು ಫೋಟೋಗಳನ್ನು ಅಂಗಡಿಯ ಭದ್ರತೆ ನೋಡಿಕೊಳ್ಳುವ ಕಂಪನಿಯ ಒಬ್ಬರಿಗೆ ತೋರಿಸಿದರು. ಅವರು ಕಳ್ಳತನವನ್ನು ಕಣ್ಣಾರೆ ನೋಡಿದವರಲ್ಲ, ನೋಡಿದ್ದು ವಿಡಿಯೋ ಅಷ್ಟೆ. ಅವರು ವಿಲಿಯಮ್ಸ್ ಫೋಟೋ ಮೇಲೆ ಬೆರಳಿಟ್ಟರು. 2020ರ ಜನವರಿಯಲ್ಲಿ ಮನೆ ಮುಂದೆ, ಹೆಂಡತಿ ಮತ್ತು ಇಬ್ಬರು ಪುಟ್ಟ ಹೆಣ್ಣುಮಕ್ಕಳ ಎದುರೇ ಅವರಿಗೆ ಕೋಳ ಹಾಕಿದರು. ಸುಮಾರು 30 ಗಂಟೆ ಒಳಗಿಟ್ಟರು. ವಿಚಾರಣೆಯಲ್ಲಿ ಅವರು ಸಿಸಿಟಿವಿ ಚಿತ್ರವನ್ನು ತಮ್ಮ ಮುಖದ ಪಕ್ಕ ಹಿಡಿದು ತೋರಿಸಿದರು. ಅದು ಅವರಲ್ಲ. 2024ರಲ್ಲಿ ನಗರಾಡಳಿತ 3 ಲಕ್ಷ ಡಾಲರ್ ಪರಿಹಾರಕ್ಕೆ ಒಪ್ಪಿತು. ಮುಖ ಹೋಲಿಕೆ ಒಂದನ್ನೇ ನಂಬಿ ಯಾರನ್ನೂ ಬಂಧಿಸುವಂತಿಲ್ಲ ಅನ್ನುವ ನಿಯಮವೂ ಬಂತು.

ಇಲ್ಲಿ ನೋಡಬೇಕಾದ್ದು, ಸುಳಿವು ಮಾತ್ರ ಅಂತ ಬರೆದಿದ್ದರೂ ಯಾರೂ ಅದನ್ನು ಲೆಕ್ಕಕ್ಕೆ ತೆಗೆದುಕೊಳ್ಳಲಿಲ್ಲ. ಒಂದು ಸಲ ಹೆಸರು ಬಂದ ಮೇಲೆ ಎಲ್ಲರ ಕಣ್ಣೂ ಆ ಹೆಸರಿಗೆ ಸಾಕ್ಷಿ ಹುಡುಕತೊಡಗುತ್ತದೆ. ಅಸಿಸ್ಟೆಂಟ್ "ಇವರು ಬಹುಶಃ ಇಂಥವರು ಇರಬಹುದು" ಅಂತ ಎಷ್ಟು ಮೆತ್ತಗೆ ಹೇಳಿದರೂ ವಾಟ್ಸಾಪ್ ಗ್ರೂಪಿಗೆ ಹೋಗುವುದು ಹೆಸರು ಮಾತ್ರ. "ಬಹುಶಃ" ದಾರಿಯಲ್ಲೇ ಉದುರಿಹೋಗುತ್ತದೆ.

ಈಗಿನ ಸಾಫ್ಟ್‌ವೇರ್ 99.9 ಪರ್ಸೆಂಟ್ ಸರಿ ಅಂತಾರಲ್ಲ?

ಒಂದು ಸಣ್ಣ ಲೆಕ್ಕ ಮಾಡೋಣ. ಒಂದು ಲಕ್ಷ ಬೇರೆಯವರ ಮುಖಗಳಿಗೆ ಹೋಲಿಸಿದಾಗ ಒಂದೇ ಒಂದು ಸಲ ತಪ್ಪಾಗಿ "ಇವರೇ" ಅನ್ನುವಷ್ಟು ಒಳ್ಳೆಯ ಸಾಫ್ಟ್‌ವೇರ್ ಇದೆ ಅಂದುಕೊಳ್ಳಿ. ನಿಮ್ಮ ಫೋನ್ ಲಾಕ್ ತೆಗೆಯಲು ಇದು ಬೇಕಾದಷ್ಟಾಯಿತು, ಯಾಕೆಂದರೆ ಅಲ್ಲಿ ಹೋಲಿಕೆ ನಿಮ್ಮೊಬ್ಬರ ಮುಖದ ಜೊತೆ ಮಾತ್ರ. ಈಗ ಅದನ್ನೇ ಒಂದು ಕೋಟಿ ಜನರ ಫೋಟೋಗಳಲ್ಲಿ ಹುಡುಕಲು ಬಿಡಿ. ಕೋಟಿಯನ್ನು ಲಕ್ಷದಿಂದ ಭಾಗಿಸಿದರೆ 100. ಅಂದರೆ ಸುಮಾರು 100 ಜನ ತಪ್ಪಾಗಿ ಹೊಂದಿಕೆಯಾಗುತ್ತಾರೆ. ನೀವು ಹುಡುಕುತ್ತಿರುವ ವ್ಯಕ್ತಿ ಆ ಕೋಟಿಯಲ್ಲಿ ಇಲ್ಲದೇ ಹೋದರೂ ಈ 100 ಜನ ಇದ್ದೇ ಇರುತ್ತಾರೆ.

ಫೋಟೋ ಕತ್ತಲಲ್ಲಿ ತೆಗೆದದ್ದಾದರೆ, ಮೇಲಿನಿಂದ ತೆಗೆದದ್ದಾದರೆ, ಹತ್ತು ವರ್ಷ ಹಳೆಯದಾದರೆ ಇನ್ನೂ ಕಷ್ಟ. ಮೈಬಣ್ಣ, ಜನಾಂಗದ ವಿಷಯವೂ ಇದೆ. ಅಮೆರಿಕದ ಸರ್ಕಾರಿ ಸಂಸ್ಥೆ ನಿಸ್ಟ್ 2019ರ ಡಿಸೆಂಬರ್‌ನಲ್ಲಿ ಮುಖ ಗುರುತಿಸುವ 189 ಅಲ್ಗಾರಿದಮ್‌ಗಳ ಪರೀಕ್ಷೆಯ ವರದಿ ಕೊಟ್ಟಿತು. ಒಬ್ಬರಿಗೆ ಒಬ್ಬರನ್ನು ಹೋಲಿಸುವ ಪರೀಕ್ಷೆಯಲ್ಲಿ, ಏಷ್ಯಾ ಮತ್ತು ಆಫ್ರಿಕಾ ಮೂಲದವರ ಮುಖಗಳಲ್ಲಿ ತಪ್ಪು ಹೊಂದಿಕೆ ಬಿಳಿಯರಿಗಿಂತ ಎಷ್ಟೋ ಅಲ್ಗಾರಿದಮ್‌ಗಳಲ್ಲಿ 10ರಿಂದ 100 ಪಟ್ಟು ಜಾಸ್ತಿ ಇತ್ತು. ಆಮೇಲೆ ಸಾಫ್ಟ್‌ವೇರ್ ಸುಧಾರಿಸಿದೆ, ನಿಜ. ಆದರೆ ಚಾಟ್ ಅಸಿಸ್ಟೆಂಟ್‌ಗಳು ಇಂಥ ಪರೀಕ್ಷೆಗೆಂದೇ ತಯಾರಾದ ಸಾಫ್ಟ್‌ವೇರ್ ಅಲ್ಲವೇ ಅಲ್ಲ. ಎಷ್ಟು ಹತ್ತಿರದ ಹೊಂದಿಕೆ ಅನ್ನುವ ಅಂಕಿಯನ್ನೂ ಅವು ಕೊಡುವುದಿಲ್ಲ.

ಸಿನಿಮಾ ನಟರು, ಮಂತ್ರಿಗಳು ಎಲ್ಲರಿಗೂ ಗೊತ್ತಿರುವವರೇ ಅಲ್ವಾ? ಅವರ ಹೆಸರನ್ನಾದರೂ ಹೇಳಬಹುದಲ್ಲ?

ಇಲ್ಲಿ ಎಲ್ಲ ಅಸಿಸ್ಟೆಂಟ್‌ಗಳ ನಿಯಮ ಒಂದೇ ಇಲ್ಲ. ಕೆಲವು ಬಹಳ ಪ್ರಸಿದ್ಧರ ಹೆಸರು ಹೇಳುತ್ತವೆ, ಕೆಲವು ಮುಖ ಮಾತ್ರ ನೋಡಿ ಯಾರ ಹೆಸರನ್ನೂ ಹೇಳುವುದಿಲ್ಲ.

ಯಾರ ಹೆಸರನ್ನೂ ಹೇಳದಿರುವುದು ಅತಿಯಾಯಿತು ಅನ್ನಿಸುತ್ತದೆ. ಅದರ ಹಿಂದೆ ಒಂದು ತರ್ಕ ಇದೆ. "ಪ್ರಸಿದ್ಧರಾದರೆ ಹೇಳು, ಸಾಮಾನ್ಯರಾದರೆ ಬೇಡ" ಅನ್ನುವ ನಿಯಮ ಪಾಲಿಸಬೇಕಾದರೆ ಮೊದಲು ಎಲ್ಲರ ಮುಖವನ್ನೂ ಗುರುತಿಸಿ ನೋಡಲೇಬೇಕು. ಗೆರೆ ಎಲ್ಲಿ ಎಳೆಯುವುದು ಅನ್ನುವುದು ಇನ್ನೊಂದು ಕಷ್ಟ. ಮುಖ್ಯಮಂತ್ರಿ ಪ್ರಸಿದ್ಧರು, ಸರಿ. ಗ್ರಾಮ ಪಂಚಾಯಿತಿ ಸದಸ್ಯೆ? ಒಂದು ರೀಲ್ಸ್ ವೈರಲ್ ಆಗಿ ವಾರದಲ್ಲಿ ಮರೆತುಹೋದ ಹುಡುಗ? ಹತ್ತು ವರ್ಷದ ಹಿಂದೆ ಒಂದೇ ಧಾರಾವಾಹಿಯಲ್ಲಿ ನಟಿಸಿ ಈಗ ಟೀಚರ್ ಆಗಿರುವವರು? ಜೊತೆಗೆ ನಟನನ್ನು ಹೋಲುವ ಸಾಮಾನ್ಯ ಮನುಷ್ಯನಿಗೆ ನಟನ ಹೆಸರು ಅಂಟುವ ಅಪಾಯವೂ ಇದೆ.

ಕಾರ್ಟೂನ್ ಪಾತ್ರ, ರಾಜಾ ರವಿವರ್ಮನ ಚಿತ್ರ, ಊರ ಮಧ್ಯದ ಪ್ರತಿಮೆ ಇವಕ್ಕೆಲ್ಲ ತೊಂದರೆ ಇಲ್ಲ. ಬೆಂಗಳೂರಿನ ವಿಧಾನಸೌಧದ ಮುಂದಿನ ಪ್ರತಿಮೆ ಯಾರದು ಅಂತ ಧಾರಾಳವಾಗಿ ಕೇಳಿ.

ಹಾಗಾದರೆ ಜನ ಇರುವ ಫೋಟೋ ನೋಡಿ ಅದು ಏನು ಹೇಳಬಲ್ಲದು?

ಬಹಳ ಹೇಳಬಲ್ಲದು. ಹೆಸರು ಸಿಗಲಿಲ್ಲ ಅಂತ ಜನ ಅಲ್ಲಿಗೇ ಬಿಟ್ಟುಬಿಡುತ್ತಾರೆ, ಅದೇ ಬೇಸರ. ಒಂದು ಉದಾಹರಣೆಯನ್ನು ಪೂರ್ತಿ ನೋಡೋಣ.

ಅಜ್ಜಿ ಮನೆಯ ಟ್ರಂಕಿನಲ್ಲಿ ಒಂದು ಕಪ್ಪುಬಿಳುಪು ಗ್ರೂಪ್ ಫೋಟೋ ಸಿಕ್ಕಿದೆ. ದಪ್ಪ ರಟ್ಟಿಗೆ ಅಂಟಿಸಿದ್ದಾರೆ. ಅದರಲ್ಲಿರುವವರು ಯಾರೂ ನಿಮಗೆ ಗೊತ್ತಿಲ್ಲ. ಫೋಟೋ ಹಾಕಿ "ಇವರೆಲ್ಲ ಯಾರು?" ಅಂತ ಕೇಳಿದರೆ ಹೆಸರು ಬರುವುದಿಲ್ಲ. "ಫೋಟೋದಲ್ಲಿ ಏನೇನು ಕಾಣುತ್ತದೆ, ಸಾಲು ಸಾಲಾಗಿ ಹೇಳು" ಅಂತ ಕೇಳಿ.

ಆಗ ಇಂಥ ವಿವರಗಳು ಬರುತ್ತವೆ. ಒಟ್ಟು ಹನ್ನೊಂದು ಜನ, ಹಿಂದಿನ ಸಾಲಿನಲ್ಲಿ ಐವರು ನಿಂತಿದ್ದಾರೆ, ಮುಂದೆ ನಾಲ್ವರು ಕುರ್ಚಿಯಲ್ಲಿ, ನೆಲದ ಮೇಲೆ ಇಬ್ಬರು ಮಕ್ಕಳು. ಹಿಂದೆ ಕಂಬ, ಮೆಟ್ಟಿಲು ಬರೆದ ಪರದೆ, ಅಂದರೆ ಇದು ಸ್ಟುಡಿಯೋದಲ್ಲಿ ಅಥವಾ ಸ್ಟುಡಿಯೋದವರು ಮನೆಗೆ ಬಂದು ಪರದೆ ಕಟ್ಟಿ ತೆಗೆದದ್ದು. ಮಧ್ಯದ ಇಬ್ಬರ ಹಣೆಗೆ ಬಾಸಿಂಗ ಇದೆ, ಹಾಗಾಗಿ ಅವರೇ ಮದುಮಕ್ಕಳು. ಗಂಡಸರು ಧೋತರದ ಮೇಲೆ ಕೋಟು ಹಾಕಿದ್ದಾರೆ, ಮೂವರು ರುಮಾಲು ಸುತ್ತಿದ್ದಾರೆ. ಕೂತಿರುವ ಒಬ್ಬ ಹಿರಿಯ ಹೆಂಗಸಿನ ಸೀರೆಯ ಸೆರಗಿನಲ್ಲಿ ಇಳಕಲ್ ಸೀರೆಯ ತೆನೆಯಂಥ ವಿನ್ಯಾಸ ಕಾಣುತ್ತದೆ. ರಟ್ಟಿನ ಬಲ ಕೆಳಮೂಲೆಯಲ್ಲಿ ಉಬ್ಬು ಅಕ್ಷರದಲ್ಲಿ ಸ್ಟುಡಿಯೋ ಹೆಸರು ಇದೆ, ಅದರ ಕೆಳಗೆ "ಧಾರವಾಡ" ಅಂತ ಓದಬಹುದು.

ಒಂದೂ ಹೆಸರಿಲ್ಲ. ಆದರೆ ಇದೊಂದು ಮದುವೆಯ ಫೋಟೋ, ತೆಗೆದ ಸ್ಟುಡಿಯೋ ಧಾರವಾಡದ್ದು, ಮದುಮಕ್ಕಳು ಇಂಥವರು ಅನ್ನುವುದು ಗೊತ್ತಾಯಿತು. ಈಗ ಎಲ್ಲರಿಗೂ ನಂಬರ್ ಹಾಕಿಸಿ: ಹಿಂದಿನ ಸಾಲು ಎಡದಿಂದ 1ರಿಂದ 5, ಕೂತವರು 6ರಿಂದ 9, ಮಕ್ಕಳು 10, 11. ಪ್ರತಿ ನಂಬರಿನ ಮುಂದೆ ಬಟ್ಟೆ, ಒಡವೆ, ನಿಂತ ಜಾಗ ಬರೆಸಿಕೊಳ್ಳಿ. ಆ ಪಟ್ಟಿ ಹಿಡಿದು ಮನೆಯ ಹಿರಿಯರ ಹತ್ತಿರ ಹೋಗಿ. ಕಣ್ಣು ಮಂಜಾಗಿರುವ ದೊಡ್ಡಮ್ಮನಿಗೂ "ಕೈಯಲ್ಲಿ ಬೆಳ್ಳಿ ಹಿಡಿಯ ಕೋಲು ಹಿಡಿದು ಕೂತವರು" ಅಂದರೆ ಯಾರು ಅಂತ ನೆನಪಾಗುತ್ತದೆ. ಹೆಸರು ಬರಬೇಕಾದ ಸರಿಯಾದ ದಾರಿ ಅದೇ: ಅವರನ್ನು ಬಲ್ಲವರ ಬಾಯಿಂದ. ನೀವು ಹೆಸರುಗಳನ್ನು ತಂದು ಕೊಟ್ಟರೆ ಅಸಿಸ್ಟೆಂಟ್ ಅಚ್ಚುಕಟ್ಟಾದ ಅಡಿಬರಹ ಬರೆದುಕೊಡುತ್ತದೆ.

ವಿವರಣೆಯಲ್ಲೂ ತಪ್ಪು ಬರುತ್ತದೆ, ಕಣ್ಣಿಡಬೇಕು. ಜನರನ್ನು ಎಣಿಸುವಾಗ ಹಿಂದೆ ಅರ್ಧ ಮುಖ ಕಾಣುವವರನ್ನು ಬಿಟ್ಟುಬಿಡುತ್ತದೆ. ಹಳೆಯ ಕನ್ನಡ ಅಚ್ಚಿನ ಅಕ್ಷರವನ್ನು ತಪ್ಪಾಗಿ ಓದುತ್ತದೆ. ಕಪ್ಪುಬಿಳುಪು ಫೋಟೋದಲ್ಲಿ ಸೀರೆ ಕೆಂಪು ಅಂತ ಹೇಳಿತು ಅಂದರೆ ಅದು ಖಂಡಿತ ಊಹೆ. ಅನುಮಾನ ಬಂದರೆ, ಫೋಟೋದ ಯಾವ ಭಾಗ ನೋಡಿ ಇದನ್ನು ಹೇಳಿದ್ದು ಅಂತ ಕೇಳಿ, ಆ ಭಾಗವನ್ನು ನೀವೇ ಜೂಮ್ ಮಾಡಿ ನೋಡಿ. ಅಲ್ಲಿ ಕಾಣದಿದ್ದರೆ ಆ ಮಾತನ್ನು ಬಿಟ್ಟುಬಿಡಿ.

ಫೋಟೋದಲ್ಲೇ ಹೆಸರು ಬರೆದಿದ್ದರೆ?

ಆಗ ಹೇಳುತ್ತದೆ. ಜೆರ್ಸಿಯ ಬೆನ್ನಿನ ಹೆಸರು, ಅಂಗಿಯ ಬ್ಯಾಡ್ಜ್, ಟಿವಿ ಪರದೆಯ ಕೆಳಗಿನ ಪಟ್ಟಿ, ಮೇಜಿನ ಮೇಲಿನ ನಾಮಫಲಕ ಇವೆಲ್ಲ ಓದಲು ಇರುವ ಬರಹ. ಅಲ್ಲಿ ಹೆಸರು ಬಂದದ್ದು ಮುಖದಿಂದಲ್ಲ. ಒಳ್ಳೆಯ ಉತ್ತರ ಅದನ್ನು ಹಾಗೆಯೇ ಹೇಳುತ್ತದೆ: ಮೇಜಿನ ಮೇಲಿನ ಫಲಕದಲ್ಲಿ ಈ ಹೆಸರಿದೆ ಅಂತ. ಆ ಕುರ್ಚಿಯಲ್ಲಿ ಕೂತವರು ಫಲಕದವರೇ ಆಗಿರಬೇಕು ಅಂತೇನಿಲ್ಲ. ಅಣ್ಣನ ಜೆರ್ಸಿಯನ್ನು ತಮ್ಮ ಹಾಕಿಕೊಳ್ಳುವುದೂ ಉಂಟು.

ನಾನೇ ಹೆಸರು ಹೇಳಿದರೆ ಒಪ್ಪಿಕೊಳ್ಳುತ್ತದಾ? ಎರಡು ಫೋಟೋ ಕೊಟ್ಟು ಒಬ್ಬರೇನಾ ಅಂತ ಕೇಳಿದರೆ?

"ಇದು ನಮ್ಮ ಚಿಕ್ಕಪ್ಪ, ನಿವೃತ್ತಿ ಸಮಾರಂಭಕ್ಕೆ ಎರಡು ಸಾಲು ಬರೆದುಕೊಡು" ಅಂದರೆ ಬರೆದುಕೊಡುತ್ತದೆ. ನಿಮ್ಮ ಮಾತನ್ನು ನಂಬಿ ಮುಂದುವರಿಯಿತು ಅಷ್ಟೆ, ಚಿಕ್ಕಪ್ಪನೇ ಹೌದು ಅಂತ ದೃಢಪಡಿಸಿದ್ದಲ್ಲ. ಎರಡು ಫೋಟೋ ಕೊಟ್ಟು ಒಬ್ಬರೇನಾ ಅಂತ ಕೇಳುವುದು ಹಿಂಬಾಗಿಲಿನಿಂದ ಮುಖ ಗುರುತಿಸಲು ಕೇಳಿದ ಹಾಗೆ. ಹಾಗಾಗಿ ಬಹಳ ಕಡೆ ಒಪ್ಪುವುದಿಲ್ಲ.

ಜಾತಿ, ಧರ್ಮ, ಯಾವ ಕಡೆಯವರು ಅನ್ನುವುದನ್ನು ಹೇಳುತ್ತದಾ?

ಹೇಳಬಾರದು, ಹೇಳದಂತೆಯೇ ಕಲಿಸಿರುತ್ತಾರೆ. ನಮ್ಮಲ್ಲಿ ಇದನ್ನು ಕೇಳುವ ಚಾಳಿ ಇದೆ, ಅದಕ್ಕೇ ಈ ಪ್ರಶ್ನೆಯನ್ನು ಸೇರಿಸಿದ್ದೇನೆ.

ಹಣೆಯ ಮೇಲೆ ಮೂರು ಅಡ್ಡಗೆರೆ ವಿಭೂತಿ ಇದೆ ಅನ್ನುವುದು ಕಾಣುವ ವಿಷಯ. ತಲೆಗೆ ಬಿಳಿ ಟೋಪಿ ಇದೆ, ಕೊರಳಲ್ಲಿ ಶಿಲುಬೆ ಇದೆ, ಇವೂ ಹಾಗೇ. ಇವನ್ನು ವಿವರಿಸಬಹುದು. ಅಲ್ಲಿಂದ ಮುಂದೆ "ಹಾಗಾದರೆ ಇವರು ಇಂಥ ಜಾತಿ" ಅನ್ನುವುದು ಫೋಟೋದಲ್ಲಿಲ್ಲ. ನಾಟಕದ ವೇಷ ಇರಬಹುದು. ದೇವಸ್ಥಾನಕ್ಕೆ ಬಂದ ಬೇರೆಯವರು ಇರಬಹುದು. ಆರೋಗ್ಯ, ಲೈಂಗಿಕತೆ, ಅಪರಾಧ ಮಾಡುವ ಸ್ವಭಾವ ಇವುಗಳ ಬಗ್ಗೆಯೂ ಮುಖ ನೋಡಿ ಹೇಳುವುದು ಬರೀ ಪೂರ್ವಗ್ರಹ. ಅದಕ್ಕೆ ಕಂಪ್ಯೂಟರಿನ ಮುದ್ರೆ ಬಿದ್ದರೆ ಇನ್ನೂ ಅಪಾಯ.

ವಯಸ್ಸನ್ನು ಅಂದಾಜಿಗೆ ಹೇಳುತ್ತದೆ. ಮುಖಭಾವವನ್ನೂ ಹೇಳುತ್ತದೆ, ನಗುತ್ತಿದ್ದಾರೆ, ಹುಬ್ಬು ಗಂಟಿಕ್ಕಿದ್ದಾರೆ ಅಂತ. ಮನಸ್ಸಿನಲ್ಲಿ ಏನಿದೆ ಅನ್ನುವುದು ಬೇರೆ ಮಾತು.

ಏರ್‌ಪೋರ್ಟ್‌ನಲ್ಲಿ ಮುಖ ತೋರಿಸಿದರೆ ಗೇಟ್ ತೆರೆಯುತ್ತದೆ. ಅದು ಸರಿ, ಇದು ತಪ್ಪು ಯಾಕೆ?

ಬೆಂಗಳೂರು ವಿಮಾನ ನಿಲ್ದಾಣದಲ್ಲಿ ಡಿಜಿ ಯಾತ್ರಾ 2022ರ ಡಿಸೆಂಬರ್ 1ರಂದು ಶುರುವಾಯಿತು. ಅಲ್ಲಿ ನೀವೇ ಆಪ್ ಹಾಕಿಕೊಂಡು, ನೀವೇ ನಿಮ್ಮ ಮುಖ ಕೊಟ್ಟಿರುತ್ತೀರಿ. ಯಂತ್ರ ನೋಡುವುದು, ಟಿಕೆಟ್ ಜೊತೆ ಮೊದಲೇ ಕೊಟ್ಟ ಮುಖವೇನಾ ಇದು ಅಂತ. ಬೇಡ ಅನ್ನುವವರಿಗೆ ಮಾಮೂಲಿ ಸಾಲು ಇದೆ. ಅಂಥ ವ್ಯವಸ್ಥೆಗಳ ಬಗ್ಗೆಯೂ ಕೇಳಬೇಕಾದ ಪ್ರಶ್ನೆಗಳಿವೆ, ಆದರೆ ಅದು ಬೇರೆ ಚರ್ಚೆ. "ನಾನು ನಾನೇ" ಅಂತ ತೋರಿಸಲು ನನ್ನ ಮುಖ ಕೊಡುವುದು ಒಂದು. ನನಗೆ ಗೊತ್ತಿಲ್ಲದೆ ಇನ್ನೊಬ್ಬರು ನನ್ನ ಮುಖ ಕೊಟ್ಟು ನನ್ನ ಹೆಸರು ಪಡೆಯುವುದು ಇನ್ನೊಂದು.

ಕಣ್ಣು ಕಾಣದವರಿಗೆ ಇದರಿಂದ ಅನ್ಯಾಯ ಆಗುವುದಿಲ್ಲವಾ?

ಆಗುತ್ತದೆ. ಈ ನಿಯಮದ ವಿರುದ್ಧ ಇರುವ ವಾದಗಳಲ್ಲಿ ನನಗೆ ಅತ್ಯಂತ ಬಲವಾದದ್ದು ಅನ್ನಿಸುವುದು ಇದೇ.

ಬಿ ಮೈ ಐಸ್ ಅನ್ನುವ ಆಪ್ ಅಂಧರಿಗೆ ಸುತ್ತಲಿನದನ್ನು ವಿವರಿಸಲು 2023ರಲ್ಲಿ ಜಿಪಿಟಿ-4 ಬಳಸಲು ಶುರುಮಾಡಿತು. ಬಳಸಿದವರಿಗೆ ಅದೊಂದು ದೊಡ್ಡ ಬಿಡುಗಡೆಯಂತೆ ಇತ್ತು. ಆಮೇಲೆ ಮುಖಗಳ ವಿವರ ಕೊಡುವುದನ್ನು ತಡೆದಾಗ ಅವರಿಗೆ ಬಹಳ ಬೇಸರವಾಯಿತು. ಕಣ್ಣಿರುವವರು ಕೋಣೆಗೆ ಕಾಲಿಟ್ಟ ಕೂಡಲೇ ಯಾರು ಬಂದಿದ್ದಾರೆ, ಯಾರು ನಗುತ್ತಿದ್ದಾರೆ ಅಂತ ನೋಡಿಬಿಡುತ್ತಾರೆ. ನಮಗೆ ಮಾತ್ರ ಯಾಕೆ ಅದು ಖಾಸಗಿ ಅನ್ನುವುದು ಅವರ ಪ್ರಶ್ನೆ. ನ್ಯಾಯವಾದ ಪ್ರಶ್ನೆ.

ಇಲ್ಲಿ ಎರಡು ವಿಷಯ ಬೆರೆತುಹೋಗಿವೆ. ಮುಖದ ವಿವರಣೆಯನ್ನೇ ತಡೆಯುವುದು ತಪ್ಪು ಅಂತ ನಾನು ಭಾವಿಸುತ್ತೇನೆ. ಎದುರಿಗಿರುವವರ ಕೂದಲು ನೆರೆತಿದೆ, ಕನ್ನಡಕ ಹಾಕಿದ್ದಾರೆ, ನಿಮ್ಮ ಕಡೆ ನೋಡಿ ನಗುತ್ತಿದ್ದಾರೆ ಅನ್ನುವುದನ್ನು ಕಣ್ಣು ಕಾಣದವರಿಗೆ ಹೇಳಲೇಬೇಕು. ಎದುರಿಗಿರುವ ಅಪರಿಚಿತರ ಹೆಸರು ಮಾತ್ರ ಕಣ್ಣಿರುವವರಿಗೂ ಕಾಣುವುದಿಲ್ಲ. ಇನ್ನು ಪರಿಚಿತರನ್ನು ಗುರುತಿಸುವುದಕ್ಕೆ ಬೇರೆ ದಾರಿ ಇದೆ. ಮೈಕ್ರೋಸಾಫ್ಟ್‌ನ ಸೀಯಿಂಗ್ ಎಐ ಆಪ್‌ನಲ್ಲಿ ಗೆಳೆಯರು, ಮನೆಯವರ ಫೋಟೋ ತೆಗೆದು ಹೆಸರು ಕಲಿಸಬಹುದು. ಆಮೇಲೆ ಅವರು ಕ್ಯಾಮೆರಾ ಮುಂದೆ ಬಂದರೆ ಹೆಸರು ಹೇಳುತ್ತದೆ. ಅದು ಹುಡುಕುವುದು ನೀವು ಕಲಿಸಿದ ಕೆಲವೇ ಜನರಲ್ಲಿ. ಇಂಥ ಸೌಲಭ್ಯ ಇನ್ನೂ ಹೆಚ್ಚು ಆಪ್‌ಗಳಲ್ಲಿ, ಕನ್ನಡದಲ್ಲೂ ಬರಬೇಕು.

ನಮ್ಮ ಕಾನೂನು ಏನು ಹೇಳುತ್ತದೆ?

ಖಾಸಗಿತನ ಮೂಲಭೂತ ಹಕ್ಕು ಅಂತ ಸುಪ್ರೀಂ ಕೋರ್ಟಿನ ಒಂಬತ್ತು ನ್ಯಾಯಮೂರ್ತಿಗಳ ಪೀಠ 2017ರ ಆಗಸ್ಟ್ 24ರಂದು ಹೇಳಿತು. ಆ ಅರ್ಜಿ ಹಾಕಿದವರು ನಮ್ಮವರೇ, ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿ. ಆಮೇಲೆ 2023ರಲ್ಲಿ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆ ಬಂತು. ಅದರಲ್ಲಿ ಒಂದು ದೊಡ್ಡ ಕಿಂಡಿ ಇದೆ. ನೀವೇ ಸಾರ್ವಜನಿಕವಾಗಿ ಹಾಕಿದ ಮಾಹಿತಿಗೆ ಕಾಯ್ದೆ ಅನ್ವಯಿಸುವುದಿಲ್ಲ. ಎಲ್ಲರಿಗೂ ಕಾಣುವಂತೆ ಹಾಕಿದ ಪ್ರೊಫೈಲ್ ಫೋಟೋ ಇದರಲ್ಲಿ ಸೇರಿಬಿಡಬಹುದು. ಯುರೋಪಿನಲ್ಲಿ ಹೀಗಿಲ್ಲ. ಇಂಟರ್ನೆಟ್ಟಿನಿಂದ ಸಿಕ್ಕಸಿಕ್ಕ ಮುಖಗಳನ್ನು ಬಾಚಿ, ಗುರುತಿಸುವ ಪಟ್ಟಿ ಮಾಡುವುದನ್ನು ಅಲ್ಲಿನ ಎಐ ಕಾಯ್ದೆ ನಿಷೇಧಿಸಿದೆ. ಅದು 2025ರ ಫೆಬ್ರುವರಿಯಿಂದ ಜಾರಿಯಲ್ಲಿದೆ.

ಮದುವೆ ಸೈಟಿನಲ್ಲಿ ಬಂದ ಫೋಟೋ ನಕಲಿಯಾ ಅಂತ ಹೇಗೆ ನೋಡುವುದು?

ಇದಕ್ಕೆ ಮುಖ ಗುರುತಿಸುವ ಅಗತ್ಯವೇ ಇಲ್ಲ. ಗೂಗಲ್ ಲೆನ್ಸ್ ಅಥವಾ ಟಿನ್‌ಐನಲ್ಲಿ ಆ ಚಿತ್ರವನ್ನು ಹಾಕಿ. ಅದೇ ಚಿತ್ರ ಬೇರೆ ಕಡೆ, ಬೇರೆ ಹೆಸರಲ್ಲಿ ಇದ್ದರೆ ಮೋಸ ಅಂತ ಗೊತ್ತಾಗುತ್ತದೆ. ಏನೂ ಸಿಗದಿದ್ದರೆ ಅಸಲಿ ಅಂತ ಅರ್ಥವಲ್ಲ. ಬೆಂಗಳೂರಿನ ಮನೆ ಅಂತ ಹೇಳಿದ ಫೋಟೋದಲ್ಲಿ ಗೋಡೆಯ ಸಾಕೆಟ್, ಹೊರಗಿನ ಕಾರಿನ ನಂಬರ್ ಪ್ಲೇಟ್, ಅಂಗಡಿ ಬೋರ್ಡಿನ ಭಾಷೆ ಹೊಂದುತ್ತದಾ ಅಂತ ಅಸಿಸ್ಟೆಂಟ್‌ಗೆ ಕೇಳಬಹುದು. ವಿಡಿಯೋ ಕಾಲ್ ಮಾಡಿ, ಆಮೇಲೆ ಅವರ ಊರಿನಲ್ಲಿ ವಿಚಾರಿಸಿ. ದುಡ್ಡು ಕೇಳಿದರೆ, ಕೊಟ್ಟುಬಿಟ್ಟಿದ್ದರೆ ಕೂಡಲೇ 1930ಕ್ಕೆ ಫೋನ್ ಮಾಡಿ ಅಥವಾ cybercrime.gov.in ನಲ್ಲಿ ದೂರು ಕೊಡಿ.

ಸಂತೆಯಲ್ಲಿ ದಾರಿ ತಪ್ಪಿದ ಅಜ್ಜಿ ಸಿಕ್ಕಿದ್ದಾರೆ, ಹೆಸರು ನೆನಪಿಲ್ಲ. ಆಗಲೂ ಸಹಾಯ ಮಾಡುವುದಿಲ್ಲವಾ?

ಮೊದಲು 112ಕ್ಕೆ ಫೋನ್ ಮಾಡಿ. ಮಗುವಾದರೆ 1098. ಕಾಣೆಯಾದವರ ದೂರು ಎಲ್ಲಿ ದಾಖಲಾಗಿದೆ ಅನ್ನುವುದು ಅವರಿಗೆ ಗೊತ್ತಾಗುತ್ತದೆ, ಚಾಟ್ ಆಪ್‌ಗೆ ಗೊತ್ತಾಗುವುದಿಲ್ಲ.

ಅಸಿಸ್ಟೆಂಟ್ ಇಲ್ಲಿ ಉಪಯೋಗಕ್ಕೆ ಬರುವುದು ವಿವರ ಬರೆದುಕೊಡಲು. ಅಂದಾಜು ವಯಸ್ಸು, ಎತ್ತರ, ಸೀರೆಯ ಬಣ್ಣ ಮತ್ತು ಅಂಚು, ಮೂಗುತಿ ಯಾವ ಕಡೆ, ಕೈಬಳೆ, ಚಪ್ಪಲಿ. ಕೈಚೀಲದ ಮೇಲೆ ಬಟ್ಟೆ ಅಂಗಡಿಯ ಹೆಸರಿದ್ದರೆ ಅದು ಯಾವ ಊರಿನದು ಅಂತ ನೋಡಬಹುದು. ಹಳೇ ಕಾಲದ ಹೆಂಗಸರ ಮುಂಗೈಯಲ್ಲಿ ಹಚ್ಚೆ ಇರುತ್ತದೆ, ಅದರಲ್ಲಿ ಕೆಲವೊಮ್ಮೆ ಹೆಸರೂ ಇರುತ್ತದೆ. ಮಸುಕಾದ ಹಚ್ಚೆಯನ್ನು ಓದಲು ಅದು ನೆರವಾಗಬಲ್ಲದು. ಈ ವಿವರವನ್ನು ಪೊಲೀಸರಿಗೆ ಕೊಡಿ. ಮುಖದ ಫೋಟೋ, ನಿಮ್ಮ ನಂಬರ್ ಎರಡನ್ನೂ ನೂರಾರು ಗ್ರೂಪಿಗೆ ಹಂಚಿದರೆ, ಅಜ್ಜಿ ಮನೆ ಸೇರಿದ ಮೇಲೂ ಅದು ವರ್ಷಗಟ್ಟಲೆ ಸುತ್ತುತ್ತಲೇ ಇರುತ್ತದೆ.

ನಮ್ಮ ಬೀದಿಯ ಸಿಸಿಟಿವಿಯಲ್ಲಿ ಕಳ್ಳ ಸಿಕ್ಕಿದ್ದಾನೆ. ಅವನು ಯಾರು ಅಂತಲಾದರೂ ಹೇಳಬಾರದಾ?

ಬೇಡ. 2018ರ ಜುಲೈನಲ್ಲಿ ಬೀದರ್ ಜಿಲ್ಲೆಯ ಮುರ್ಕಿ ಹತ್ತಿರ ನಡೆದದ್ದು ನೆನಪಿರಬಹುದು. ಹೈದರಾಬಾದಿನಿಂದ ಬಂದಿದ್ದವರು ಶಾಲೆ ಮಕ್ಕಳಿಗೆ ಚಾಕೊಲೇಟ್ ಕೊಟ್ಟರು. ಮಕ್ಕಳ ಕಳ್ಳರು ಅನ್ನುವ ಅನುಮಾನ ಹಬ್ಬಿತು. ಅವರ ಕಾರಿಗಿಂತ ಮೊದಲೇ ವಾಟ್ಸಾಪ್ ಸಂದೇಶ ಮುಂದಿನ ಊರು ತಲುಪಿತ್ತು. ಜನ ದಾರಿ ಅಡ್ಡಗಟ್ಟಿ ಹೊಡೆದರು, ಒಬ್ಬ ಸಾಫ್ಟ್‌ವೇರ್ ಎಂಜಿನಿಯರ್ ಸತ್ತರು. ಅಂಥ ಗುಂಪಿನ ಕೈಗೆ ಚಿತ್ರದ ಜೊತೆಗೆ ಒಂದು ಹೆಸರು, ಒಂದು ವಿಳಾಸ ಕೂಡ ಸಿಗುತ್ತದೆ ಅಂದುಕೊಳ್ಳಿ. ಅದೂ ಮೇಲಿನ ಲೆಕ್ಕದಲ್ಲಿ ಬಂದ 100 ಜನ ಹೋಲುವವರಲ್ಲಿ ಯಾರದೋ ಒಬ್ಬರದು.

ಸಿಸಿಟಿವಿಯ ಮೂಲ ಫೈಲನ್ನು ಉಳಿಸಿಕೊಳ್ಳಿ, ಸಾಮಾನ್ಯವಾಗಿ ಕೆಲವು ದಿನಗಳಲ್ಲಿ ಹಳೆಯದರ ಮೇಲೆ ಹೊಸದು ರೆಕಾರ್ಡ್ ಆಗಿ ಅಳಿಸಿಹೋಗುತ್ತದೆ. ಫೋನಿನಿಂದ ಪರದೆಯ ಫೋಟೋ ತೆಗೆದರೆ ಸಾಲದು. ಅಂಗಿಯ ಬಣ್ಣ, ಬೈಕಿನ ಮಾದರಿ, ಬಂದ ಸಮಯ, ಹೋದ ದಿಕ್ಕು ಇವನ್ನು ಅಸಿಸ್ಟೆಂಟ್ ನೆರವಿನಿಂದ ಬರೆದುಕೊಂಡು, ಫೈಲಿನ ಜೊತೆ ಪೊಲೀಸ್ ಠಾಣೆಗೆ ಕೊಡಿ. ಸಿಸಿಟಿವಿ ರೆಕಾರ್ಡ್ ಮಾಡುವ ಡಿವಿಆರ್‌ನ ಗಡಿಯಾರ ಹಿಂದೆಮುಂದೆ ಇದೆಯಾ ಅಂತ ನಿಮ್ಮ ಫೋನಿನ ಸಮಯದ ಜೊತೆ ಹೋಲಿಸಿ, ಆ ವ್ಯತ್ಯಾಸವನ್ನೂ ದೂರಿನಲ್ಲಿ ಬರೆಯಿರಿ.